ಒಂದು ‘ನಮಸ್ಕಾರ್ರಿ’ಗೆ ಮೂರು ಸಂಜೆ

ಧಾರವಾಡದಲ್ಲಿ ಹವ್ಯಾಸಿ ಹುಡುಗರಿಗೆ ನಾಟಕ ಕಲಿಸುತ್ತೇನೆ. ಕಳೆದ ಸಲ ಒಂದು ದೃಶ್ಯದಲ್ಲಿ ಸಿಕ್ಕಿಬಿದ್ದೆವು. ಪಾಲುದಾರಿಕೆ ಮುರಿದ ಮೇಲೆ ಹಳೇ ಗೆಳೆಯ ಅರಿವೆ ಅಂಗಡಿಗೆ ಬರುತ್ತಾನೆ. ಮಾಲಕ ತಲೆ ಎತ್ತಿ "ನಮಸ್ಕಾರ್ರಿ, ಬರ್ರಿ" ಅನ್ನಬೇಕು. ನನಗೆ ಬೇಕಿದ್ದದ್ದು ತಣ್ಣಗಿನ ದನಿ. ಆದರೆ ನೋಡುತ್ತಾ ಕೂತವರು ನಕ್ಕರು. ಅವರ ಕಿವಿಗೆ ಅದು ಕೊಂಕಾಗಿ ಕೇಳಿತ್ತು.

ಎಲ್ಲಿ ತಪ್ಪುತ್ತಿದೆ ಅಂತ ತಿಳಿಯಲು ಆ ನಟನಿಂದ ಅದೇ ಮಾತನ್ನು ತಣ್ಣಗೆ, ಕೊಂಕಾಗಿ, ಪ್ರೀತಿಯಿಂದ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆಮೇಲೆ ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, 400 ಹರ್ಟ್ಸ್‌ಗಿಂತ ಮೇಲಿನ ದನಿಯನ್ನು ತೆಗೆದುಹಾಕಿದೆ:

```
Filter (pass Hann band): 0, 400, 100
```

ಹೀಗೆ ಮಾಡಿದರೆ ಮಾತು ಅಳಿಸಿಹೋಗುತ್ತದೆ, ರಾಗ ಮಾತ್ರ ಉಳಿಯುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ. ಅದನ್ನು ತಂಡದ ಏಳು ಮಂದಿಗೆ ಕೇಳಿಸಿದೆ.

ತಣ್ಣಗಿನದನ್ನು ಎಲ್ಲರೂ ಹಿಡಿದರು. ಅದು ಗಿಡ್ಡ, ಸಪಾಟು, ಕೊನೆಯ ‘ರಿ’ ಕತ್ತರಿಸಿದಂತೆ. ಆದರೆ ಕೊಂಕು ಮತ್ತು ಪ್ರೀತಿಯನ್ನು ನಾಲ್ಕು ಮಂದಿ ಅದಲುಬದಲು ಮಾಡಿದರು! ಎರಡರಲ್ಲೂ ‘ಸ್ಕಾ’ ಉದ್ದ ಎಳೆದಿದೆ, ಎರಡರಲ್ಲೂ ದನಿ ಏರಿ ಇಳಿಯುತ್ತದೆ. ಪೂರ್ತಿ ದನಿ ಹಾಕಿದಾಗ ಗೊಂದಲ ಹೋಯಿತು. ನಿಜವಾಗಿ ನಕ್ಕು ಮಾತಾಡಿದರೆ ತುಟಿ ಅಗಲವಾಗುತ್ತದೆ, ಬಾಯೊಳಗಿನ ದಾರಿ ಗಿಡ್ಡವಾಗುತ್ತದೆ, ದನಿಗೆ ಹೊಳಪು ಬರುತ್ತದೆ. ಆ ಹೊಳಪು ಬಹುಪಾಲು 400 ಹರ್ಟ್ಸ್ ಮೇಲಿರುತ್ತದೆ, ಅದನ್ನೇ ನಾನು ಅಳಿಸಿಬಿಟ್ಟಿದ್ದೆ. ಫೋನಿನಲ್ಲಿ ಮುಖ ಕಾಣದಿದ್ದರೂ ನಗು ಕೇಳಿಸುತ್ತದಲ್ಲ, ಅದು ಇದರಿಂದಲೇ.

ಹಾಗಾದರೆ ನಮ್ಮ ನಟನ ತಪ್ಪು ಸಿಕ್ಕಿತು. ಅವನು ಮುಖ ಗಂಟು ಹಾಕಿಕೊಂಡು ‘ಸ್ಕಾ’ ಎಳೆಯುತ್ತಿದ್ದ. ಎಳೆತ ಇದೆ, ನಗು ಇಲ್ಲ. ಆ ಜೋಡಣೆಯೇ ನಮ್ಮ ಕಿವಿಗೆ ಕೊಂಕು. ಎಲ್ಲ ಭಾಷೆಯಲ್ಲೂ ಹೀಗೇ ಅಂತಲ್ಲ. ಇಂಗ್ಲಿಷ್‌ನಲ್ಲಿ ಕೊಂಕಿಗೆ ದನಿ ಸಾಮಾನ್ಯವಾಗಿ ಇಳಿದರೆ, ಕ್ಯಾಂಟನೀಸ್‌ನಲ್ಲಿ ಏರುತ್ತದೆ ಎಂದು ಸಂಶೋಧಕರು ಅಳೆದಿದ್ದಾರೆ.

ಎಳೆತ ಬಿಡಿಸಿದೆವು. ಆದರೂ ಹೊಸದಾಗಿ ನೋಡಲು ಬಂದ ಒಬ್ಬರು "ಇವರ ದನೀನ ಹಿಂಗ ಏನ್ರಿ?" ಅಂದರು. ಸರಿಯಾದ ಪ್ರಶ್ನೆ! ಮಾತು ಕಡಿಮೆ ಇರುವವನ ಗಿಡ್ಡ ನಮಸ್ಕಾರ ಬರೀ ಅವನ ಸ್ವಭಾವ. ಕೇಳುವವರು ಅವನ ದಿನನಿತ್ಯದ ದನಿಯ ಜೊತೆ ಹೋಲಿಸಿಯೇ ಅಳೆಯುತ್ತಾರೆ, ಆ ದಿನನಿತ್ಯದ ದನಿಯನ್ನೇ ನಾವು ಪ್ರೇಕ್ಷಕರಿಗೆ ಕೇಳಿಸಿರಲಿಲ್ಲ.

ಅದಕ್ಕೆ ಗೆಳೆಯ ಬರುವ ಮುಂಚೆ ಒಬ್ಬ ಮುದುಕಿ ಗಿರಾಕಿಯನ್ನು ತಂದೆವು. ಮಾಲಕ ಅವಳಿಗೆ ಬಾಯಿ ತುಂಬ ಹೇಳುತ್ತಾನೆ, "ನಮಸ್ಕಾರ್ರಿ ಅಮ್ಮಾರ, ಬರ್ರಿ ಬರ್ರಿ, ಕುಂದರ್ರಿ." ಆಮೇಲೆ ಬಾಗಿಲಲ್ಲಿ ಗೆಳೆಯ. "ನಮಸ್ಕಾರ್ರಿ. ಬರ್ರಿ." ಆ ಸಂಜೆ ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಕೆಳಗಿಟ್ಟಳು.