ಏರ್‌ಲೈನ್ ಕೆಲಸದ ಕೋರ್ಸ್: ಫೀ ಕಟ್ಟೋ ಮುಂಚೆ ನಾವು ನೋಡಿದ್ದು

ನಾನು ಗದಗ-ಬೆಟಗೇರಿಯವಳು, ಬೆಂಗಳೂರು ಏರ್‌ಪೋರ್ಟಿನಲ್ಲಿ ಗ್ರೌಂಡ್ ಸ್ಟಾಫ್. ಚೆಕ್-ಇನ್ ಕೌಂಟರ್, ಬೋರ್ಡಿಂಗ್ ಗೇಟ್, ಬ್ಯಾಗ್ ಬರಲಿಲ್ಲ ಅಂತ ಸಿಟ್ಟಾಗಿ ಬರೋ ಜನರ ಟೇಬಲ್, ಎಲ್ಲ ಕಡೆ ನಿಂತಿದ್ದೇನೆ. ಹಾಗಾಗಿ ಊರ ಕಡೆಯಿಂದ ಫೋನ್ ಬರುತ್ತಲೇ ಇರುತ್ತದೆ. ‘ಹುಬ್ಬಳ್ಳ್ಯಾಗ ಒಂದು ಇನ್‌ಸ್ಟಿಟ್ಯೂಟ್ ಐತಿ, ನೌಕರಿ ಗ್ಯಾರಂಟಿ ಅಂತಾರ, ಸೇರಿಸಬೇಕೋ ಬ್ಯಾಡೋ?’ ಎಲ್ಲರದೂ ಇದೇ ಪ್ರಶ್ನೆ. ಹೋದ ಸಲ ಕೇಳಿದ್ದು ಶಿಗ್ಗಾಂವಿಯ ನಮ್ಮ ಚಿಗವ್ವನ ಮನೆಯವರು. ಮಗಳು ಬಿ.ಕಾಂ. ಕೊನೆಯ ವರ್ಷ. ರಜೆಯಲ್ಲಿ ಊರಿಗೆ ಬಂದಿದ್ದೆ, ಅವರ ಜೊತೆ ಕೂತು ಆ ಬ್ರೋಷರ್ ಪೂರ್ತಿ ಓದಿದೆ. ಅವತ್ತು ಏನೇನು ನೋಡಿದೆವು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕ್ಯಾಬಿನ್ ಕ್ರೂ ಆಗೋಕೆ ಹೊರಗಿನ ಯಾವ ಡಿಪ್ಲೊಮಾವೂ ಕಡ್ಡಾಯ ಅಲ್ಲ. ವಯಸ್ಸು 18 ತುಂಬಿರಬೇಕು, ಪಿಯುಸಿ ಪಾಸಾಗಿರಬೇಕು, ಮೆಡಿಕಲ್ ಪಾಸಾಗಬೇಕು. ವಿಮಾನದಲ್ಲಿ ಕೆಲಸ ಮಾಡೋಕೆ ಬೇಕಾದ ಟ್ರೇನಿಂಗನ್ನು ಏರ್‌ಲೈನೇ ಕೊಡುತ್ತದೆ, ಅದೂ ಆಯ್ಕೆ ಆದ ಮೇಲೆ. ತುರ್ತು ಬಾಗಿಲು ತೆಗೆಯೋದು, ಜಾರುಬಂಡೆಯಿಂದ ಇಳಿಸೋದು, ಬೆಂಕಿ ಆರಿಸೋದು, ನೀರಿನಲ್ಲಿ ಲೈಫ್ ರಾಫ್ಟ್ ಹತ್ತಿಸೋದು, ಪ್ರಥಮ ಚಿಕಿತ್ಸೆ, ಎಲ್ಲ ಆ ಏರ್‌ಲೈನಿನ ವಿಮಾನಕ್ಕೆ ತಕ್ಕಂತೆ, ವಿಮಾನಯಾನದ ನಿಯಮ ನೋಡಿಕೊಳ್ಳೋ ಕೇಂದ್ರ ಸಂಸ್ಥೆ ಡಿಜಿಸಿಎ ಒಪ್ಪಿದ ಪಾಠಕ್ರಮದಲ್ಲೇ ನಡೆಯಬೇಕು. ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ನಾಲ್ಕು ಸೀಟು ಜೋಡಿಸಿ ‘ಮಾಕ್ ಕ್ಯಾಬಿನ್’ ಅಂದರೆ ಫೋಟೋ ಚೆಂದ ಬರುತ್ತದೆ. ಆ ಟ್ರೇನಿಂಗಿನಲ್ಲಿ ಅದಕ್ಕೆ ಲೆಕ್ಕವಿಲ್ಲ.

ಕಾಕಾ ಇದನ್ನು ಒಪ್ಪಲಿಲ್ಲ. ‘ಇಷ್ಟು ಸರ್ಟಿಫಿಕೇಟ್ ಕೊಡ್ತಾರಂತ ನೋಡವಾ, ಒಂದಾದ್ರೂ ಕೆಲಸಕ್ಕ ಬರಂಗಿಲ್ಲೇನು?’ ಅಂದರು. ನ್ಯಾಯವಾದ ಪ್ರಶ್ನೆ. ಬ್ರೋಷರಿನ ಹಿಂದಿನ ಪುಟದಲ್ಲಿ ನಾಲ್ಕು ಹೆಸರು ಇದ್ದವು: ಐಯಾಟಾ, ಅವ್‌ಸೆಕ್, ಡಿಜಿಆರ್, ಮತ್ತು ಅವರದೇ ‘ಏವಿಯೇಷನ್ ಡಿಪ್ಲೊಮಾ’. ಒಂದೊಂದಾಗಿ ನೋಡಿದೆವು.

ಅವ್‌ಸೆಕ್ ಅಂದರೆ ವಿಮಾನಯಾನ ಭದ್ರತೆಯ ಕೋರ್ಸ್. ಇದು ಬಿಸಿಎಎಸ್ ಅನ್ನೋ ಕೇಂದ್ರ ಸರ್ಕಾರದ ಭದ್ರತಾ ಸಂಸ್ಥೆಯ ಕೈಯಲ್ಲಿದೆ. ಅದರ ಬೇಸಿಕ್ ಕೋರ್ಸಿಗೆ ನಾವಾಗಿ ಹೋಗಿ ದುಡ್ಡು ಕಟ್ಟಿ ಸೇರುವ ಹಾಗಿಲ್ಲ. ಏರ್‌ಲೈನೋ, ಏರ್‌ಪೋರ್ಟೋ, ಏರ್‌ಲೈನ್ ಪರವಾಗಿ ಚೆಕ್-ಇನ್, ಬ್ಯಾಗಿನ ಕೆಲಸ ನೋಡಿಕೊಳ್ಳೋ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯೋ ತನ್ನ ನೌಕರರನ್ನು ಕಳಿಸುತ್ತದೆ. ನನ್ನನ್ನು ಕಳಿಸಿದ್ದೂ ಕಂಪನಿಯೇ, ಸೇರಿದ ಮೇಲೆ. ಅದಕ್ಕೇ ಕಾಕಾಗೆ ಒಂದು ಪ್ರಶ್ನೆ ಬರೆದುಕೊಟ್ಟೆ: ‘ಅವ್‌ಸೆಕ್‌ಗೆ ನನ್ನ ಮಗಳನ್ನು ಸ್ಪಾನ್ಸರ್ ಮಾಡೋದು ಯಾವ ಕಂಪನಿ? ಸರ್ಟಿಫಿಕೇಟಿನ ಮೇಲೆ ಯಾರ ಸಹಿ ಇರುತ್ತದೆ?’ ಮರುದಿನ ಕೇಳಿದಾಗ ಕೌನ್ಸೆಲರ್ ಹೇಳಿದ್ದು, ‘ಅದು ಅವ್‌ಸೆಕ್ ಅವೇರ್‌ನೆಸ್ ರೀ, ನಾವೇ ಕೊಡ್ತೀವಿ.’ ಅಂದರೆ ಅದು ಆ ವಿಷಯದ ಪಾಠ ಕೇಳಿದ್ದಕ್ಕೆ ಇನ್‌ಸ್ಟಿಟ್ಯೂಟ್ ಕೊಡೋ ಹಾಳೆ. ಹೆಸರು ಒಂದೇ ಥರ ಇರೋದರಿಂದ ಮನೆಯವರಿಗೆ ಗೊತ್ತಾಗೋದಿಲ್ಲ.

ಡಿಜಿಆರ್ ವಿಷಯ ಸ್ವಲ್ಪ ಬೇರೆ. ಪವರ್ ಬ್ಯಾಂಕ್, ಗ್ಯಾಸ್ ಕ್ಯಾನಿಸ್ಟರ್, ಪೇಂಟ್ ಥರದ ಅಪಾಯದ ಸಾಮಾನನ್ನು ಹೇಗೆ ಗುರುತಿಸಬೇಕು, ಹೇಗೆ ಸಾಗಿಸಬೇಕು ಅನ್ನೋ ತರಬೇತಿ ಇದು. ಡಿಜಿಸಿಎ ಒಪ್ಪಿಗೆ ಇರುವ ಕಡೆ ಮಾಡಿದರೆ ನಿಜವಾದ ಸರ್ಟಿಫಿಕೇಟೇ. ಆದರೆ 24 ತಿಂಗಳು ಮಾತ್ರ ನಡೆಯುತ್ತದೆ. ಕೆಲಸಕ್ಕೆ ತಕ್ಕಂತೆ ಪಾಠವೂ ಬೇರೆ: ಕಾರ್ಗೋದವರಿಗೆ ಒಂದು, ಚೆಕ್-ಇನ್‌ನವರಿಗೆ ಒಂದು. ಬಿ.ಕಾಂ. ಎರಡನೇ ವರ್ಷದಲ್ಲಿ ಮಾಡಿಸಿಟ್ಟರೆ ಕೆಲಸ ಸಿಗೋ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಕಂಪನಿ ಹೇಗೂ ತನ್ನ ಲೆಕ್ಕದಲ್ಲಿ ಮತ್ತೆ ಮಾಡಿಸುತ್ತದೆ.

ನಾಲ್ಕರಲ್ಲಿ ತೂಕ ಇರೋದು ಐಯಾಟಾಗೆ, ನಿಜವಾದದ್ದಾದರೆ. ಐಯಾಟಾ ಅಂದರೆ ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘ. ಐಯಾಟಾ ವೆಬ್‌ಸೈಟಿನಲ್ಲಿ ಅಧಿಕೃತ ತರಬೇತಿ ಕೇಂದ್ರಗಳನ್ನು ಹುಡುಕುವ ಪುಟ ಇದೆ. ದೇಶ, ಊರು ಹಾಕಿದೆವು. ಈ ಇನ್‌ಸ್ಟಿಟ್ಯೂಟಿನ ಹೆಸರು ಅಲ್ಲಿರಲಿಲ್ಲ. ಬ್ರೋಷರನ್ನು ಮತ್ತೆ ನೋಡಿದರೆ ‘ಐಯಾಟಾ ಸಿಲಬಸ್ ಆಧಾರಿತ’ ಅಂತ ಸಣ್ಣಕ್ಷರದಲ್ಲಿ ಇತ್ತು. ನಿಜವಾದ ಕೋರ್ಸಿನಲ್ಲಿ ಪರೀಕ್ಷೆ ನಡೆಸೋದು ಐಯಾಟಾ. ಸರ್ಟಿಫಿಕೇಟೂ ಅವರದೇ. ಹಾಗಾಗಿ ‘ಪರೀಕ್ಷೆ ಯಾರು ತಗೋತಾರೆ, ಐಯಾಟಾದಲ್ಲಿ ನನ್ನ ಹೆಸರು ರಿಜಿಸ್ಟರ್ ಆಗುತ್ತಾ, ಅದರ ಫೀ ಇದರಲ್ಲೇ ಸೇರಿದೆಯಾ’ ಅಂತ ಕೇಳಿದರೆ ಸಾಕು.

ಇನ್ನು ಅವರದೇ ಡಿಪ್ಲೊಮಾ. ಅದರ ಬಗ್ಗೆ ಹೇಳೋದೇನೂ ಇಲ್ಲ.

ಇಷ್ಟರಲ್ಲಿ ನನಗೆ ಒಂದು ಸಂಶಯ ಬಂತು. ತಂಗಿಯನ್ನು ಚಪ್ಪಲಿ ಬಿಟ್ಟು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಟೇಪ್ ಹಿಡಿದೆ. 153 ಸೆಂಟಿಮೀಟರ್. ನಮ್ಮ ದೇಶದ ದೊಡ್ಡ ಏರ್‌ಲೈನ್‌ಗಳು ಹುಡುಗಿಯರಿಗೆ ಸಾಮಾನ್ಯವಾಗಿ 155 ಕೇಳುತ್ತವೆ. ಎಮಿರೇಟ್ಸ್ 160 ಕೇಳುತ್ತದೆ, ಜೊತೆಗೆ ತುದಿಗಾಲಲ್ಲಿ ನಿಂತಾಗ ಕೈ 212 ಸೆಂಟಿಮೀಟರ್‌ಗೆ ಮುಟ್ಟಬೇಕು. ಇಂಟರ್‌ವ್ಯೂನಲ್ಲಿ ಎತ್ತರ ನೋಡೋದು ಬರಿಗಾಲಲ್ಲಿ, ಎರಡು ಸೆಂಟಿಮೀಟರ್ ಅಂತ ಯಾರೂ ಬಿಟ್ಟುಕೊಡೋದಿಲ್ಲ. ಅವಳಿಗೆ ಕಣ್ಣಲ್ಲಿ ನೀರೇ ಬಂತು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಆ ಕೌನ್ಸೆಲರ್ ಅವಳನ್ನು ಎರಡು ಸಲ ಮಾತಾಡಿಸಿದ್ದಾರೆ, ‘ಪರ್ಸನಾಲಿಟಿ ಸೂಪರ್ ಐತಿ, ಕ್ಯಾಬಿನ್ ಕ್ರೂ ಪಕ್ಕಾ’ ಅಂದಿದ್ದಾರೆ, ಆದರೆ ಒಮ್ಮೆಯೂ ಎತ್ತರ ಅಳೆದಿಲ್ಲ. ನನ್ನ ಪ್ರಕಾರ ಇನ್‌ಸ್ಟಿಟ್ಯೂಟ್ ಹೇಗಿದೆ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಬಂದವರನ್ನು ಅಳೆದು ‘ನಿಮಗೆ ಇದು ಆಗಲ್ಲ, ಗ್ರೌಂಡ್ ಕಡೆ ನೋಡಿ’ ಅಂತ ಯಾರನ್ನಾದರೂ ವಾಪಸ್ ಕಳಿಸುತ್ತಾರಾ? ಎಲ್ಲರಿಗೂ ಪಕ್ಕಾ ಅನ್ನೋ ಕಡೆ ಅಡ್ಮಿಷನ್ ಒಂದೇ ಪಕ್ಕಾ.

ಆಮೇಲೆ ಗೋಡೆಯ ಮೇಲಿನ ‘ಪ್ಲೇಸ್ಡ್’ ಫೋಟೋಗಳು. ಅವರಲ್ಲಿ ನಮ್ಮ ಕಡೆಯ ಕೆಲವರ ಹೆಸರು ಹಿಡಿದು, ಗೊತ್ತಿದ್ದವರ ಮೂಲಕ ನಂಬರ್ ತಗೊಂಡು ಮಾತಾಡಿದೆ. ‘ಕೆಲಸ ಸಿಕ್ಕಿತಾ’ ಅಂತ ಕೇಳಲಿಲ್ಲ. ‘ಸಂಬಳದ ಸ್ಲಿಪ್ ಮೇಲೆ ಯಾವ ಕಂಪನಿ ಹೆಸರಿದೆ’ ಅಂತ ಕೇಳಿದೆ. ಒಬ್ಬಳು ಏರ್‌ಪೋರ್ಟ್ ಲೌಂಜಿನಲ್ಲಿ ಊಟದ ಕೌಂಟರ್. ಒಬ್ಬ ಟ್ರಾಲಿ ನೋಡಿಕೊಳ್ಳುವ ಕಾಂಟ್ರಾಕ್ಟರ್ ಹತ್ತಿರ. ಒಬ್ಬಳು ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯಲ್ಲಿದ್ದಳು, ಆದರೆ ವಾಕ್-ಇನ್‌ಗೆ ತಾನೇ ಹೋಗಿ ಸೇರಿದ್ದಂತೆ. ‘ಫೋಟೋ ಅವರೇ ಹಾಕ್ಯಾರ ಅಕ್ಕಾ, ನನ್ನ ಕೇಳಿಲ್ಲ’ ಅಂದಳು. ಇವು ಯಾವುವೂ ಕೀಳು ಕೆಲಸ ಅಲ್ಲ. ಆದರೆ ಏರ್‌ಪೋರ್ಟಿನ ಒಳಗಿನ ಕೆಲಸವೆಲ್ಲ ಏರ್‌ಲೈನ್ ಕೆಲಸ ಅಲ್ವಲ್ಲ. ಟ್ರಾಲಿ ತಳ್ಳೋಕೆ ಲಕ್ಷ ರೂಪಾಯಿಯ ಕೋರ್ಸ್ ಬೇಕಿಲ್ಲ. ಹೆಸರು, ಫೋಟೋ ಬಳಸೋ ಮುಂಚೆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ತಗೋಬೇಕು, ಕೆಲಸ ಖಾತ್ರಿ ಅಂತ ಸುಳ್ಳು ಭರವಸೆ ಕೊಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ನಿಯಮ ಮಾಡಿದೆ.

ಅಡ್ಮಿಷನ್ ಫಾರ್ಮಿನಲ್ಲಿ ‘ಗ್ಯಾರಂಟಿ’ ಅನ್ನೋದು ಎಲ್ಲೂ ಇರಲಿಲ್ಲ. ‘ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್’ ಅಂತಿತ್ತು. ಮೂರು ಇಂಟರ್‌ವ್ಯೂ ಕೊಡಿಸಿದರೆ ಅವರ ಜವಾಬ್ದಾರಿ ಮುಗಿಯಿತು. ಹೋಟೆಲ್, ಮಾಲ್, ಕಾಲ್ ಸೆಂಟರ್ ಇಂಟರ್‌ವ್ಯೂ ಕೂಡ ಆ ಮೂರರ ಲೆಕ್ಕಕ್ಕೆ ಬರುತ್ತದೆ. ಕಟ್ಟಿದ ಫೀ ವಾಪಸ್ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಬಾಯಲ್ಲಿ ಹೇಳಿದ್ದು 1,20,000 ರೂಪಾಯಿ. ಕಾಗದದಲ್ಲಿ ಅದರ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೂ 21,600. ಯೂನಿಫಾರ್ಮ್, ಗ್ರೂಮಿಂಗ್ ಕಿಟ್ ಬೇರೆ. ‘ತಿಂಗಳಾ ತಿಂಗಳಾ ಕಟ್ಟಿದರ ಆತು’ ಅಂದಿದ್ದರಲ್ಲ, ಅದು ಇನ್‌ಸ್ಟಿಟ್ಯೂಟಿಗೆ ಕಟ್ಟೋ ಕಂತು ಅಲ್ಲ. ಒಂದು ಫೈನಾನ್ಸ್ ಕಂಪನಿಯಿಂದ ಕಾಕಾನ ಹೆಸರಿನಲ್ಲಿ ಸಾಲ. ಫೈನಾನ್ಸಿನವರು ಇನ್‌ಸ್ಟಿಟ್ಯೂಟಿಗೆ ದುಡ್ಡನ್ನು ಮೊದಲೇ ಕೊಟ್ಟುಬಿಡುತ್ತಾರೆ. ಆಮೇಲೆ ಹುಡುಗಿ ಕ್ಲಾಸಿಗೆ ಬಂದರೂ ಒಂದೇ, ಬಿಟ್ಟರೂ ಒಂದೇ. ಕಂತು ಮಾತ್ರ ಕಾಕಾನ ಅಕೌಂಟಿನಿಂದ ತಾನಾಗಿ ಕಡಿತ ಆಗುತ್ತದೆ. ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತದೆ, ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ಇದನ್ನೇ ಎತ್ತುತ್ತಾರೆ. ಟ್ರ್ಯಾಕ್ಟರ್ ಅಂದ ಕೂಡಲೇ ಕಾಕಾ ಕನ್ನಡಕ ತೆಗೆದಿಟ್ಟರು. ಮಾತು ಅಲ್ಲಿಗೆ ಮುಗೀತು.

ತಂಗಿಗೆ ನಾನು ಹೇಳಿದ ದಾರಿ ಇದು. ಡಿಗ್ರಿ ಮುಗಿಸು. ಇಂಗ್ಲಿಷ್ ಜೊತೆ ಹಿಂದಿ ಬೇಕೇ ಬೇಕು, ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಹೊರಗೆ ಬೀಳೋದು ಇಲ್ಲೇ. ಎರಡಕ್ಕೂ ಹುಬ್ಬಳ್ಳಿಯಲ್ಲಿ ಕೆಲವು ಸಾವಿರದಲ್ಲಿ ಕ್ಲಾಸ್ ಸಿಗುತ್ತದೆ. ದಿನಾ ಒಂದು ಬೋರ್ಡಿಂಗ್ ಅನೌನ್ಸ್‌ಮೆಂಟ್ ಗಟ್ಟಿಯಾಗಿ ಓದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು. ಕಂಪ್ಯೂಟರಿನಲ್ಲಿ ಟಿಕೆಟ್ ಬುಕಿಂಗ್ ಸಾಫ್ಟ್‌ವೇರ್ ಕಲಿಸ್ತೀವಿ ಅಂದರೆ ಅದು ಟ್ರಾವೆಲ್ ಏಜೆನ್ಸಿಗೆ ಉಪಯೋಗ. ಚೆಕ್-ಇನ್ ಸಾಫ್ಟ್‌ವೇರ್ ಬೇರೆ, ಅದನ್ನು ಕಂಪನಿಯೇ ಕಲಿಸುತ್ತದೆ.

ಅರ್ಜಿ ಹಾಕೋದು ಏರ್‌ಲೈನಿನ ಸ್ವಂತ ವೆಬ್‌ಸೈಟಿನಲ್ಲಿ, ಅಥವಾ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಗಳ ವಾಕ್-ಇನ್‌ನಲ್ಲಿ. ಇಂಡಿಗೋದಂಥ ಏರ್‌ಲೈನ್‌ಗಳು ಕೆಲಸ ಕೊಡೋಕೆ ಒಂದು ರೂಪಾಯಿಯನ್ನೂ ಕೇಳೋದಿಲ್ಲ. ಸರ್ಕಾರಿ ಒಡೆತನದ ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿ ಎಐ ಏರ್‌ಪೋರ್ಟ್ ಸರ್ವಿಸಸ್ ಮಾತ್ರ ತನ್ನ ಜಾಹೀರಾತುಗಳಲ್ಲಿ 500 ರೂಪಾಯಿಯ ಡಿಡಿ ಕೇಳಿದೆ, ಎಸ್‌ಸಿ, ಎಸ್‌ಟಿ, ಮಾಜಿ ಸೈನಿಕರಿಗೆ ಅದೂ ಇಲ್ಲ. ಡಿಡಿ ಕಂಪನಿ ಹೆಸರಿಗೆ ಇರುತ್ತದೆ, ಯಾರದೋ ಫೋನ್‌ಪೇಗೆ ಅಲ್ಲ. ಅದೇ ಕಂಪನಿಯ ಜಾಹೀರಾತುಗಳಲ್ಲಿ ಕಸ್ಟಮರ್ ಸರ್ವಿಸ್ ಹುದ್ದೆಗೆ ಏರ್‌ಲೈನ್ ಅನುಭವ ಅಥವಾ ಐಯಾಟಾ ಥರದ ಸರ್ಟಿಫಿಕೇಟ್ ಇದ್ದವರಿಗೆ ಆದ್ಯತೆ ಅಂತಲೂ ಇರುತ್ತದೆ. ಆದ್ದರಿಂದ ಕೋರ್ಸೇ ದಂಡ ಅಂತ ನಾನು ಹೇಳಲ್ಲ. ಐಯಾಟಾ ಪಟ್ಟಿಯಲ್ಲಿರುವ ಕೇಂದ್ರ, ಸಾಲವಿಲ್ಲದೆ ಕಟ್ಟಬಹುದಾದ ಫೀ, ಡಿಗ್ರಿ ಮುಗಿಯೋ ಹೊತ್ತು, ಈ ಮೂರೂ ಕೂಡಿದರೆ ಮಾಡಲಿ.

‘ಹುಬ್ಬಳ್ಳಿ ಏರ್‌ಪೋರ್ಟಿನ್ಯಾಗ ಕೆಲಸ’ ಅನ್ನೋ ಆಸೆಯನ್ನೂ ತೋರಿಸುತ್ತಾರೆ. ಗೋಕುಲ ರೋಡಿನ ಆ ಏರ್‌ಪೋರ್ಟಿಗೆ ದಿನಕ್ಕೆ ಬರೋ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು. ವರ್ಷಾ ವರ್ಷಾ ಬ್ಯಾಚುಗಟ್ಟಲೆ ಹುಡುಗರಿಗೆ ಅಲ್ಲಿ ಕೆಲಸ ಎಲ್ಲಿಂದ ಬರಬೇಕು? ಬೆಂಗಳೂರಿಗೋ, ಗೋವಾಕ್ಕೋ, ಹೈದರಾಬಾದಿಗೋ ಹೋಗಿ, ಪಿಜಿಯಲ್ಲಿದ್ದು, ನಸುಕಿನ ಮೂರಕ್ಕೆ ಶಿಫ್ಟಿಗೆ ಎದ್ದು ಹೋಗೋಕೆ ಮನೆಯವರು ಒಪ್ಪುತ್ತಾರಾ ಅನ್ನೋದನ್ನು ಮೊದಲೇ ಕೂತು ಮಾತಾಡಿ.

ಆಗಲೇ ಫೀ ಕಟ್ಟಿ ಸಿಕ್ಕಿಹಾಕಿಕೊಂಡವರೂ ಫೋನ್ ಮಾಡುತ್ತಾರೆ. ಅವರಿಗೆ ಹೇಳೋದಿಷ್ಟೆ. ರಸೀದಿ, ಬ್ರೋಷರ್, ವಾಟ್ಸಾಪಿನಲ್ಲಿ ‘ಜಾಬ್ ಗ್ಯಾರಂಟಿ’ ಅಂದ ಮೆಸೇಜು, ಯಾವುದನ್ನೂ ಅಳಿಸಬೇಡಿ. ಕ್ಲಾಸ್ ಬಿಡೋದಾದರೆ ಇನ್‌ಸ್ಟಿಟ್ಯೂಟಿಗೂ ಫೈನಾನ್ಸ್ ಕಂಪನಿಗೂ ಅವತ್ತೇ ಇಮೇಲ್ ಹಾಕಿ, ಬಾಯಲ್ಲಿ ಹೇಳಿ ಬರಬೇಡಿ. ದುಡ್ಡು ವಾಪಸ್ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ದೂರು ಕೊಡೋಕೆ ಶುಲ್ಕ ಇಲ್ಲ.