ಓಡಿದ್ದು ಚಿತ್ರವೋ, ಮಾತೋ? ಜಾಹೀರಾತಿಗೆ ಟ್ಯಾಗ್ ಹಾಕಿ ತಿಳಿಯುವ ಬಗೆ

ಆನ್‌ಲೈನ್ ಜಾಹೀರಾತಿನ ರಿಪೋರ್ಟ್ ತೆರೆದರೆ ಉದ್ದನೆಯ ಪಟ್ಟಿಯೊಂದು ಸಿಗುತ್ತದೆ. ಮೇಲಿರುವುದು ಚೆನ್ನಾಗಿ ಓಡಿದೆ, ಕೆಳಗಿರುವುದು ಓಡಿಲ್ಲ. ಸರಿ, ಆದರೆ ಮೇಲಿನದರಲ್ಲಿ ಜನರನ್ನು ಹಿಡಿದಿದ್ದು ಏನು? ಚಿತ್ರವಾ, ಹೆಡ್‌ಲೈನಾ, ರಿಯಾಯಿತಿಯಾ? ಅದನ್ನು ರಿಪೋರ್ಟ್ ಹೇಳುವುದಿಲ್ಲ. ಹಾಗಾಗಿ ಮುಂದಿನ ಜಾಹೀರಾತು ಮಾಡುವಾಗ ಮೀಟಿಂಗ್‌ನಲ್ಲಿ ಯಾರ ದನಿ ದೊಡ್ಡದೋ ಅವರ ಮಾತೇ ನಡೆಯುತ್ತದೆ.

ಇದಕ್ಕೆ ಒಂದು ದಾರಿ ಇದೆ. ಪ್ರತಿ ಚಿತ್ರಕ್ಕೂ ಹೆಡ್‌ಲೈನ್‌ಗೂ ಅದು ಹೇಳುತ್ತಿರುವ ವಿಷಯದ ಟ್ಯಾಗ್ ಹಾಕಿ, ಆಮೇಲೆ ಟ್ಯಾಗ್ ಪ್ರಕಾರ ಲೆಕ್ಕ ಕೂಡಿಸುವುದು. ಕೆಲಸ ಕಷ್ಟದ್ದಲ್ಲ. ಬಂದ ಲೆಕ್ಕವನ್ನು ಓದುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಆಫೀಸ್ ಕುರ್ಚಿ ಮಾರುವ ಒಂದು ಕಂಪನಿ ಎಂದುಕೊಂಡು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಎಂದು ಇಟ್ಟುಕೊಂಡವು.

ಮೊದಲು ಶೀಟ್

ಜಾಹೀರಾತು ಮಟ್ಟದ ರಿಪೋರ್ಟನ್ನು ಡೌನ್‌ಲೋಡ್ ಮಾಡಿ. ಕ್ಯಾಂಪೇನ್ ಮಟ್ಟದ್ದು ಇಲ್ಲಿ ಉಪಯೋಗಕ್ಕೆ ಬಾರದು. ಕೊನೆಯ 7 ದಿನಗಳನ್ನು ಬಿಟ್ಟುಬಿಡಿ. ಇವತ್ತು ಕ್ಲಿಕ್ ಮಾಡಿದವರು ನಾಲ್ಕು ದಿನ ಬಿಟ್ಟು ಕೊಳ್ಳಬಹುದು. ಆ ಖರೀದಿ ಇನ್ನೂ ಲೆಕ್ಕಕ್ಕೆ ಬಂದಿರುವುದಿಲ್ಲ, ಹೊಸ ಜಾಹೀರಾತು ಸುಮ್ನೆ ಸೋತಂತೆ ಕಾಣುತ್ತದೆ. ನೋಡಿ ಹೋದವರ ಖರೀದಿಯನ್ನೂ ಜಾಹೀರಾತಿನ ಖಾತೆಗೆ ಬರೆಯುವ ಸೆಟ್ಟಿಂಗ್ ಇದ್ದರೆ ಅದನ್ನು ಬೇರೆ ಮಾಡಿ, ಕ್ಲಿಕ್ ಮಾಡಿ ಕೊಂಡವರನ್ನಷ್ಟೇ ಎಣಿಸಿ.

ಒಂದೇ ಚಿತ್ರ ನಾಲ್ಕೈದು ಕಡೆ ಬೇರೆ ಬೇರೆ ಹೆಸರಲ್ಲಿ ಓಡಿರುತ್ತದೆ. ಫೈಲ್ ಹೆಸರನ್ನು ನಂಬಬೇಡಿ. ಚಿತ್ರಗಳನ್ನು ಕಣ್ಣಾರೆ ಪಕ್ಕ ಪಕ್ಕ ಇಟ್ಟು ನೋಡಿ, ಒಂದೇ ಚಿತ್ರಕ್ಕೆ ಒಂದೇ ನಂಬರ್ ಕೊಡಿ. ಶೀಟಿನ ಕಾಲಂಗಳು ಹೀಗಿರಲಿ: A ಚಿತ್ರದ ನಂಬರ್, B ನೋಡಿದ ಜನ, C ಹೆಡ್‌ಲೈನ್ ಹೇಳುವ ಮಾತು, D ಚಿತ್ರದ ಬಗೆ, E ರಿಯಾಯಿತಿ ಇದೆಯೋ ಇಲ್ಲವೋ, F ಕ್ಲಿಕ್, G ಖರೀದಿ. ‘ನೋಡಿದ ಜನ’ ಅಂದರೆ ಹೊಸಬರೋ, ಮೊದಲೇ ವೆಬ್‌ಸೈಟಿಗೆ ಬಂದು ಹೋದವರೋ ಎಂಬುದು. ಈ B ಕಾಲಂ ಅನ್ನು ಮರೆಯಬೇಡಿ, ಮುಂದೆ ಇದೇ ಮುಖ್ಯವಾಗುತ್ತದೆ.

ಟ್ಯಾಗ್ ಪಟ್ಟಿ ಚಿಕ್ಕದಿರಲಿ

ಆರಂಭದ ಉತ್ಸಾಹಕ್ಕೆ ಮೂವತ್ತು ಟ್ಯಾಗ್ ಮಾಡಿದರೆ ಒಂದೊಂದರಲ್ಲೂ ಎರಡೇ ಜಾಹೀರಾತು ಉಳಿಯುತ್ತವೆ. ಆಗ ಮತ್ತೆ ಬಿಡಿ ಜಾಹೀರಾತುಗಳನ್ನು ನೋಡಿದಂತೆಯೇ. ಕುರ್ಚಿ ಕಂಪನಿಯ ಹೆಡ್‌ಲೈನ್‌ಗಳಿಗೆ ನಾಲ್ಕು ಟ್ಯಾಗ್ ಸಾಕು: ನೋವು, ಬಳಸಿದವರ ಮಾತು, ಕುರ್ಚಿಯ ಗುಣ, ರಿಯಾಯಿತಿ. ಚಿತ್ರಕ್ಕೆ ಮೂರು: ವ್ಯಕ್ತಿ ಇರುವುದು, ಕುರ್ಚಿ ಮಾತ್ರ ಇರುವುದು, ಬರಹವೇ ಜಾಸ್ತಿ ಇರುವುದು. ಚಿತ್ರಕ್ಕೂ ಹೆಡ್‌ಲೈನ್‌ಗೂ ಸೇರಿಸಿ ಒಂದೇ ಟ್ಯಾಗ್ ಹಾಕಲೇಬೇಡಿ. ಹಾಕಿದರೆ ಇವೆರಡರಲ್ಲಿ ಯಾವುದು ಕೆಲಸ ಮಾಡಿತು ಎಂಬ ಪ್ರಶ್ನೆಗೆ ಉತ್ತರವೇ ಸಿಗದು.

ಪ್ರತಿ ಟ್ಯಾಗ್‌ಗೂ ಒಂದು ವಾಕ್ಯದ ನಿಯಮ ಬರೆದಿಡಿ. ‘ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತಾ?’ ಎಂಬುದು ನೋವು, ಇದರಲ್ಲಿ ಗೊಂದಲವಿಲ್ಲ. ‘ಈ ವಾರ ಕಾಲು ಭಾಗ ಕಡಿತ’ ರಿಯಾಯಿತಿ. ‘ಸೊಂಟ ನೋವಿಗೆ ಮುಕ್ತಿ, ಈ ವಾರ ರಿಯಾಯಿತಿಯೂ ಉಂಟು’ ಎಂದಿದ್ದರೆ? ಇಂಥದ್ದಕ್ಕೇ ನಿಯಮ ಬೇಕಾಗುವುದು. ರಿಯಾಯಿತಿಯ ಮಾತು ತೆಗೆದುಹಾಕಿ ಓದಿ. ಉಳಿದದ್ದು ತಾನಾಗಿಯೇ ನಿಂತರೆ ಅದರ ಟ್ಯಾಗ್ C ಕಾಲಂಗೆ ಬರಲಿ, ರಿಯಾಯಿತಿ ಇದೆ ಎಂಬುದು E ಕಾಲಂನಲ್ಲಿ ‘ಹೌದು’ ಎಂದು ಇರಲಿ.

ಟ್ಯಾಗ್ ಹಾಕುವಾಗ F ಮತ್ತು G ಕಾಲಂಗಳನ್ನು ಮರೆಮಾಡಿ. ಖರೀದಿ ಎಷ್ಟಾಯಿತು ಎಂದು ಗೊತ್ತಿದ್ದರೆ, ಗೆದ್ದ ಜಾಹೀರಾತನ್ನು ನಮಗೆ ಇಷ್ಟವಾದ ಟ್ಯಾಗಿನೊಳಗೆ ತಳ್ಳಲು ಮನಸ್ಸು ಹವಣಿಸುತ್ತದೆ. ಇಬ್ಬರು ಬೇರೆ ಬೇರೆ ಕೂತು ಟ್ಯಾಗ್ ಹಾಕಿ, ಆಮೇಲೆ ಹೋಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಹತ್ತರಲ್ಲಿ ಎಂಟಕ್ಕಿಂತ ಕಡಿಮೆ ಹೊಂದಿಕೆಯಾದರೆ ನಿಯಮ ಸ್ಪಷ್ಟವಾಗಿಲ್ಲ ಎಂದುಕೊಳ್ಳಿ. ಇಬ್ಬರೂ ಜಗಳವಾಡಿದ ಹೆಡ್‌ಲೈನ್‌ಗಳನ್ನೇ ಮುಂದಿಟ್ಟುಕೊಂಡು ನಿಯಮ ತಿದ್ದಿ.

ಮೊದಲ ಲೆಕ್ಕ, ಮೊದಲ ಮೋಸ

ಈಗ ಕೂಡಿಸಬಹುದು. ಒಂದು ಎಚ್ಚರಿಕೆ: ಪ್ರತಿ ಜಾಹೀರಾತಿನ ಶೇಕಡಾವಾರು ತೆಗೆದು ಅವುಗಳ ಸರಾಸರಿ ಮಾಡಬೇಡಿ. 20 ಕ್ಲಿಕ್‌ಗೆ 2 ಖರೀದಿ ಬಂದ ಪುಟ್ಟ ಜಾಹೀರಾತಿಗೂ 2,000 ಕ್ಲಿಕ್‌ನ ಜಾಹೀರಾತಿಗೂ ಆಗ ಒಂದೇ ತೂಕ ಬರುತ್ತದೆ. ಟ್ಯಾಗಿನ ಎಲ್ಲ ಖರೀದಿ ಕೂಡಿಸಿ, ಎಲ್ಲ ಕ್ಲಿಕ್ ಕೂಡಿಸಿ, ಆಮೇಲೆ ಭಾಗಿಸಿ.

ನಮ್ಮ ಕುರ್ಚಿ ಕಂಪನಿಯಲ್ಲಿ ‘ರಿಯಾಯಿತಿ’ ಟ್ಯಾಗಿಗೆ 5,000 ಕ್ಲಿಕ್, 210 ಖರೀದಿ. ಅಂದರೆ ಶೇ 4.2. ‘ನೋವು’ ಟ್ಯಾಗಿಗೂ 5,000 ಕ್ಲಿಕ್, ಆದರೆ ಖರೀದಿ 140, ಅಂದರೆ ಶೇ 2.8. ಇಲ್ಲಿಗೆ ನಿಲ್ಲಿಸಿದವರು ರಿಯಾಯಿತಿಯೇ ಸರಿ ಎಂದು ತೀರ್ಮಾನಿಸಿ ಎದ್ದುಬಿಡುತ್ತಾರೆ. ಅದೇ ಲೆಕ್ಕವನ್ನು B ಕಾಲಂ ಪ್ರಕಾರ ಒಡೆದು ನೋಡಿ:

| ಮಾತು | ನೋಡಿದ ಜನ | ಕ್ಲಿಕ್ | ಖರೀದಿ | ಶೇಕಡಾ |
|---|---|---|---|---|
| ರಿಯಾಯಿತಿ | ಹೊಸಬರು | 1,000 | 10 | 1 |
| ರಿಯಾಯಿತಿ | ಬಂದು ಹೋದವರು | 4,000 | 200 | 5 |
| ನೋವು | ಹೊಸಬರು | 4,000 | 80 | 2 |
| ನೋವು | ಬಂದು ಹೋದವರು | 1,000 | 60 | 6 |

ಹೊಸಬರಲ್ಲೂ ‘ನೋವು’ ಮುಂದೆ, ಬಂದು ಹೋದವರಲ್ಲೂ ‘ನೋವು’ ಮುಂದೆ. ಆದರೂ ಒಟ್ಟು ಮೊತ್ತದಲ್ಲಿ ಹಿಂದೆ! ಕಾರಣ ಇಷ್ಟೇ. ರಿಯಾಯಿತಿಯ ಜಾಹೀರಾತನ್ನು ಕಂಪನಿ ಹೆಚ್ಚಾಗಿ ತೋರಿಸಿದ್ದು ಮೊದಲೇ ಕುರ್ಚಿ ನೋಡಿಹೋದವರಿಗೆ. ಅವರು ಹೇಗೂ ಕೊಳ್ಳುವ ಮನಸ್ಸಿನಲ್ಲಿದ್ದರು. ಜನರಿಂದ ಬಂದ ವ್ಯತ್ಯಾಸವನ್ನು ಮಾತಿನಿಂದ ಬಂದದ್ದು ಎಂದು ಓದಿಬಿಟ್ಟೆವು, ಅಷ್ಟೆ.

ಹೀಗೆ ಒಡೆಯಲು ಶೀಟಿನಲ್ಲಿ ಈ ಸೂತ್ರ ಸಾಕು:

```
=SUMIFS(G:G,C:C,"ನೋವು",B:B,"ಹೊಸಬರು")/SUMIFS(F:F,C:C,"ನೋವು",B:B,"ಹೊಸಬರು")
```

ಜಾಹೀರಾತು ಕಾಣಿಸಿಕೊಂಡ ಜಾಗ, ಓಡಿದ ಸಮಯ ಇವೂ ಇದೇ ಥರ ಮೋಸ ಮಾಡಬಲ್ಲವು. ಆದರೆ ಎಲ್ಲವನ್ನೂ ಒಟ್ಟಿಗೆ ಒಡೆಯಲು ಹೋದರೆ ಅಂಕಿಗಳು ಪುಡಿಯಾಗುತ್ತವೆ. ಮೊದಲು ಜನರ ಪ್ರಕಾರ ಒಡೆಯಿರಿ. ಸಾಮಾನ್ಯವಾಗಿ ದೊಡ್ಡ ವ್ಯತ್ಯಾಸ ಅಡಗಿರುವುದು ಅಲ್ಲೇ.

ಒಬ್ಬನೇ ದುಡಿದನಾ, ಮನೆಯವರೆಲ್ಲ ದುಡಿದರಾ?

ಹಾಗಾದರೆ ‘ನೋವು’ ಗೆದ್ದಿತು ಅನ್ನಬಹುದಾ? ಇನ್ನೂ ಇಲ್ಲ. ಹೊಸಬರಿಗೆ ತೋರಿಸಿದ ‘ನೋವು’ ಜಾಹೀರಾತುಗಳನ್ನು ಖರೀದಿಯ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ. 80 ಖರೀದಿಯಲ್ಲಿ 50 ಒಂದೇ ಚಿತ್ರದ್ದು, ಅದೂ 1,600 ಕ್ಲಿಕ್‌ನಲ್ಲಿ, ಎಂದುಕೊಳ್ಳಿ. ಅದನ್ನು ತೆಗೆದಿಟ್ಟರೆ ಉಳಿಯುವುದು 2,400 ಕ್ಲಿಕ್, 30 ಖರೀದಿ. ಶೇ 2 ಇದ್ದದ್ದು ಶೇ 1.25ಕ್ಕೆ ಇಳಿಯಿತು. ರಿಯಾಯಿತಿಯದ್ದು ಶೇ 1 ಇತ್ತಲ್ವಾ?

ಈ ಎರಡರ ನಡುವೆ ನಿಜವಾಗಿ ಅಂತರವಿದೆಯಾ ಎಂದು ನೋಡಲು ಸುಲಭದ ಅಂದಾಜೊಂದಿದೆ. ಖರೀದಿಯ ಸಂಖ್ಯೆಯ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಅಷ್ಟು ಆಚೆ ಈಚೆ ಆಗುವುದು ಸಹಜ. ರಿಯಾಯಿತಿಯ 10 ಖರೀದಿಗೆ ವರ್ಗಮೂಲ 3ರ ಆಸುಪಾಸು, ಎರಡು ಪಟ್ಟು 6. ಅಂದರೆ 1,000 ಕ್ಲಿಕ್‌ಗೆ 4ರಿಂದ 16ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಉಳಿದ ‘ನೋವು’ ಜಾಹೀರಾತುಗಳ ಹನ್ನೆರಡೂವರೆ ಇದರೊಳಗೇ ಬಿತ್ತು. ಹಾಗಾಗಿ ಈಗ ಕೈಯಲ್ಲಿರುವ ಸುದ್ದಿ ‘ನೋವಿನ ಮಾತು ಓಡುತ್ತದೆ’ ಎಂಬುದಲ್ಲ. ‘ನೋವಿನ ಮಾತಿರುವ ಒಂದು ಜಾಹೀರಾತು ಓಡಿದೆ’ ಎಂಬುದು. ಒಂದು ಟ್ಯಾಗಿನ ಅರ್ಧಕ್ಕಿಂತ ಹೆಚ್ಚು ಖರೀದಿ ಒಂದೇ ಚಿತ್ರದಿಂದ ಬಂದಿದ್ದರೆ ಟ್ಯಾಗಿನ ಹೆಸರಲ್ಲಿ ಏನನ್ನೂ ಘೋಷಿಸದಿರುವುದೇ ವಾಸಿ.

ಆ ಒಂದು ಜಾಹೀರಾತನ್ನು ತೆರೆದು ನೋಡಿದರೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಿಂದ ಏಳುತ್ತಿರುವ ಮಹಿಳೆ. ಉಳಿದ ‘ನೋವು’ ಜಾಹೀರಾತುಗಳಲ್ಲಿ ಬರೀ ಕುರ್ಚಿ. D ಕಾಲಂ ಬೇರೆ ಇಟ್ಟಿದ್ದರಿಂದ ಇದು ಥಟ್ಟನೆ ಕಾಣುತ್ತದೆ. ಇದೇ ಚಿತ್ರ ಬೇರೆ ಹೆಡ್‌ಲೈನ್ ಜೊತೆ ಎಲ್ಲಾದರೂ ಓಡಿದೆಯಾ ಎಂದು ಹುಡುಕಿ. ಓಡಿದ್ದು, ಅಲ್ಲೂ ಚೆನ್ನಾಗಿ ಮಾರಿದ್ದರೆ, ಕೆಲಸ ಮಾಡಿದ್ದು ಚಿತ್ರ ಎಂಬ ಅನುಮಾನ ಗಟ್ಟಿಯಾಗುತ್ತದೆ. ಎಲ್ಲೂ ಓಡಿಲ್ಲವಾದರೆ ಹಳೆಯ ಲೆಕ್ಕದಿಂದ ಇನ್ನೇನೂ ಹೊರಡುವುದಿಲ್ಲ, ಎಷ್ಟು ಪಿವೋಟ್ ಟೇಬಲ್ ತಿರುಗಿಸಿದರೂ ಅಷ್ಟೇ.

ಅನುಮಾನವನ್ನು ಪರೀಕ್ಷೆಗೆ ಹಚ್ಚಿ

ಇನ್ನು ಪರೀಕ್ಷೆ. ಹೆಡ್‌ಲೈನ್ ಒಂದೇ ಇರಲಿ: ‘ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತಾ?’ ಒಂದು ಕಡೆ ಆ ಮಹಿಳೆಯ ಚಿತ್ರ, ಇನ್ನೊಂದು ಕಡೆ ಬರೀ ಕುರ್ಚಿ. ಎರಡೂ ಹೊಸಬರಿಗೇ ಹೋಗಲಿ, ಒಂದೇ ಸಮಯದಲ್ಲಿ, ಒಂದೇ ಬಜೆಟ್‌ನಲ್ಲಿ. ಇದಾದ ಮೇಲೆ ಚಿತ್ರ ಹಾಗೇ ಇಟ್ಟು ಹೆಡ್‌ಲೈನ್ ಬದಲಿಸಿ ಮತ್ತೊಂದು.

ಎರಡನ್ನೂ ಒಂದೇ ಗುಂಪಿನಲ್ಲಿ ಹಾಕಿ ಬಿಟ್ಟುಬಿಡುವುದು ಪರೀಕ್ಷೆಯಲ್ಲ. ಮೊದಲ ಒಂದೆರಡು ದಿನ ಮುಂದೆ ಬಂದದ್ದನ್ನು ಪ್ಲಾಟ್‌ಫಾರ್ಮ್ ಹೆಚ್ಚು ತೋರಿಸಲು ಶುರುಮಾಡುತ್ತದೆ, ಅದೂ ಕೊಳ್ಳುವ ಸಾಧ್ಯತೆ ಇದೆ ಎಂದು ಅದಕ್ಕೆ ಅನ್ನಿಸಿದ ಜನರಿಗೆ. ಇನ್ನೊಂದಕ್ಕೆ ಅವಕಾಶವೇ ಸಿಗದು. ಪ್ಲಾಟ್‌ಫಾರ್ಮಿನಲ್ಲಿರುವ ಎ/ಬಿ ಟೆಸ್ಟ್ ಸೌಲಭ್ಯ ಬಳಸಿ. ಅದು ಜನರನ್ನು ಎರಡು ಪಾಲು ಮಾಡಿ, ಒಬ್ಬರಿಗೆ ಒಂದೇ ರೂಪ ಕಾಣುವಂತೆ ನೋಡಿಕೊಳ್ಳುತ್ತದೆ.

ಎಷ್ಟು ಕ್ಲಿಕ್ ಬೇಕು? ಶೇ 1.25 ಇರುವುದು ಶೇ 2.5 ಆಗುವಷ್ಟು ದೊಡ್ಡ ವ್ಯತ್ಯಾಸವನ್ನು ಹಿಡಿಯಲು ಒಂದೊಂದು ಕಡೆಗೂ ಸುಮಾರು 2,000 ಕ್ಲಿಕ್ ಬೇಕಾಗುತ್ತದೆ. ಅಂದರೆ ಒಂದು ಕಡೆ 25, ಇನ್ನೊಂದು ಕಡೆ 50 ಖರೀದಿಯ ಹತ್ತಿರ. ಅದಕ್ಕಿಂತ ಸಣ್ಣ ವ್ಯತ್ಯಾಸ ಹುಡುಕುವುದಾದರೆ ಕ್ಲಿಕ್ ಹಲವು ಪಟ್ಟು ಬೇಕು. ಅಷ್ಟು ಬಜೆಟ್ ಇಲ್ಲದಿದ್ದರೆ ಸೂಕ್ಷ್ಮ ಬದಲಾವಣೆಗಳನ್ನು ಪರೀಕ್ಷಿಸುವ ಗೋಜಿಗೇ ಹೋಗಬೇಡಿ. ಪೂರಾ ಬೇರೆ ಬೇರೆಯಾದ ಎರಡು ಮಾತುಗಳನ್ನು ಇಟ್ಟು ನೋಡಿ.

ಅಷ್ಟು ಖರೀದಿ ಬರಲು ಕಾಯಲಾರದೆ ಬರೀ ಕ್ಲಿಕ್ ಎಣಿಸಿ ಮುಗಿಸುವವರೂ ಇದ್ದಾರೆ. ಕ್ಲಿಕ್ ಬೇಗ ಕೂಡುತ್ತದೆ ಎಂಬುದು ನಿಜ. ಆದರೆ ಪ್ರಶ್ನೆ ಕೇಳುವ ಹೆಡ್‌ಲೈನ್‌ಗೆ ಕುತೂಹಲದಿಂದ ಒತ್ತಿದವರೆಲ್ಲ ಕುರ್ಚಿ ಕೊಳ್ಳುವವರಲ್ಲ. ಕ್ಲಿಕ್ ನೋಡಲೇಬೇಕಾದರೆ, ಬಂದವರಲ್ಲಿ ಕಾರ್ಟಿಗೆ ಹಾಕಿದವರೆಷ್ಟು ಎಂಬುದನ್ನೂ ಜೊತೆಗಿಟ್ಟುಕೊಳ್ಳಿ.

ಇನ್ನು ಮುಂದೆ ಬರುವ ಜಾಹೀರಾತಿಗೆ ಟ್ಯಾಗನ್ನು ಹುಟ್ಟುವಾಗಲೇ ಕೊಟ್ಟುಬಿಡಿ, ಹೆಸರಿನಲ್ಲೇ: `novu_vyakti_discount-illa_02`. ರಿಪೋರ್ಟ್ ತೆಗೆದಾಗ ಅಡಿಗೆರೆಯ ಕಡೆ ಒಡೆದರೆ ಕಾಲಂಗಳು ತಾವಾಗಿಯೇ ಸಿಗುತ್ತವೆ. ನಡುವೆ ಯಾವಾಗಲಾದರೂ ಟ್ಯಾಗಿನ ನಿಯಮ ಬದಲಿಸಿದರೆ ಹಳೆಯ ಜಾಹೀರಾತುಗಳಿಗೂ ಹೊಸ ನಿಯಮದಂತೆ ಮತ್ತೆ ಟ್ಯಾಗ್ ಹಾಕಬೇಕು. ಬೇಸರದ ಕೆಲಸವೇ, ಆದರೆ ಹಾಕದಿದ್ದರೆ ಹೋದ ತಿಂಗಳ ‘ನೋವು’ ಬೇರೆ, ಈ ತಿಂಗಳ ‘ನೋವು’ ಬೇರೆ ಆಗಿರುತ್ತದೆ.