ಮುಖದ ಬಣ್ಣಕ್ಕೆ ಕುತ್ತಿಗೆಯೇ ಅಳತೆ: ಫೇಸ್ ಸ್ವ್ಯಾಪ್ ಶಾಟ್‌ಗಳ ಕಲರ್ ಗ್ರೇಡಿಂಗ್

ದ್ವಿಪಾತ್ರದ ಕಿರುಚಿತ್ರಗಳಲ್ಲಿ ಡೂಪ್‌ನ ಮೈಮೇಲೆ ನಟನ ಮುಖ ಕೂರಿಸುವ ಕೆಲಸ ಈಗ ಬೀದರ್, ಕಲಬುರಗಿಯ ಸಣ್ಣ ಎಡಿಟಿಂಗ್ ಕೋಣೆಗಳಲ್ಲೂ ಆಗುತ್ತದೆ. ನಟ, ಡೂಪ್ ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದು, ಟೈಟಲ್ ಕಾರ್ಡಿನಲ್ಲಿ ಅದನ್ನು ಹೇಳುವ ಕೆಲಸಗಳನ್ನಷ್ಟೇ ನಾನು ಒಪ್ಪಿಕೊಳ್ಳುತ್ತೇನೆ. ಇಂಥ ಶಾಟ್‌ಗಳಲ್ಲಿ ಮುಖದ ಆಕಾರ ಸರಿಯಾಗಿ ಕೂತರೂ ಕಟ್ ಬಿದ್ದ ಕೂಡಲೇ ಬಣ್ಣ ಜಿಗಿಯುತ್ತದೆ. ಅಂಗಳದಲ್ಲಿ ಗೋಧಿ ಬಣ್ಣದ ಮುಖ, ಗೋಡೆಯ ಪಕ್ಕದಲ್ಲಿ ಬೂದು ಹೊಡೆದಂತೆ, ಕೋಣೆಯೊಳಗೆ ಮೇಣದಂತೆ.

ಹೀಗಾದಾಗ ಹೆಚ್ಚಿನವರು ಹಿಂದಿನ ಶಾಟಿನ ಮುಖವನ್ನು ಪಕ್ಕಕ್ಕಿಟ್ಟುಕೊಂಡು ಮುಂದಿನ ಮುಖಕ್ಕೆ ಅದೇ ಬಣ್ಣ ಕೊಡಲು ಹೋಗುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ತಪ್ಪು ದಾರಿ. ಬೆಳಕು ಬದಲಾದರೆ ಮುಖದ ಬಣ್ಣ ಬದಲಾಗಲೇಬೇಕು, ಆದರೆ ಅದೇ ಫ್ರೇಮಿನ ಕುತ್ತಿಗೆ ಎಷ್ಟು ಬದಲಾಯಿತೋ ಅಷ್ಟೇ. ಹಾಗಾಗಿ ಪ್ರತಿ ಶಾಟಿನಲ್ಲೂ ಮುಖವನ್ನು ಮೊದಲು ಆ ಶಾಟಿನ ಕುತ್ತಿಗೆಗೆ ಹೊಂದಿಸುತ್ತೇನೆ. ಶಾಟ್‌ಗೂ ಶಾಟ್‌ಗೂ ಇರಬೇಕಾದ ಹೊಂದಾಣಿಕೆ ಆಮೇಲೆ, ಇಡೀ ಫ್ರೇಮಿನ ಮೇಲೆ.

ಅದಕ್ಕೆ ತಕ್ಕಂತೆ ಕೆಲಸದ ಕ್ರಮವೂ ಇರಬೇಕು. ಲಾಗ್‌ನಲ್ಲಿ ತೆಗೆದ ಫುಟೇಜನ್ನು ಹಾಗೇ ಸ್ವ್ಯಾಪ್‌ಗೆ ಕೊಡಬಾರದು. ಮೊದಲು ರೆಕ್.709ಗೆ ತಂದು, ವೈಟ್ ಬ್ಯಾಲೆನ್ಸ್ ಮತ್ತು ಎಕ್ಸ್‌ಪೋಷರ್ ಸಮ ಮಾಡಿ, ಯಾವ ‘ಲುಕ್’ ಕೂಡ ಹಚ್ಚದೆ ಪಿಎನ್‌ಜಿ ಫ್ರೇಮ್‌ಗಳಾಗಿ ತೆಗೆಯಬೇಕು. ಕ್ಯಾಮೆರಾ ಆಟೋ ವೈಟ್ ಬ್ಯಾಲೆನ್ಸ್‌ನಲ್ಲಿ ಇದ್ದು ಶಾಟಿನ ನಡುವೆ ಬಣ್ಣ ಜಾರಿದ್ದರೆ ಅದನ್ನು ಇದೇ ಹಂತದಲ್ಲಿ ಕೀಫ್ರೇಮ್ ಹಾಕಿ ನಿಲ್ಲಿಸಬೇಕು. ನಂತರ ಸ್ವ್ಯಾಪ್, ನಂತರ ಮುಖದ ಹೊಂದಾಣಿಕೆ, ಎಲ್ಲಕ್ಕಿಂತ ಮೇಲೆ ಲುಕ್. ಲುಕ್ ಮುಗಿದ ವಿಡಿಯೋ ಮೇಲೆ ಮುಖ ಕೂರಿಸಿದರೆ, ನಿರ್ದೇಶಕರು ಲುಕ್ ಸ್ವಲ್ಪ ಬದಲಿಸಿ ಎಂದ ದಿನ ಎಲ್ಲ ಕೆಲಸ ಮೊದಲಿನಿಂದ.

ಸ್ವ್ಯಾಪ್ ಸಾಫ್ಟ್‌ವೇರ್‌ನಲ್ಲೇ ಬಣ್ಣ ಹೊಂದಿಸುವ ಆಯ್ಕೆ ಇರುತ್ತದೆ. ಡೀಪ್‌ಫೇಸ್‌ಲ್ಯಾಬ್‌ನ ಮರ್ಜ್ ಹಂತದಲ್ಲಿ `rct`, `lct`, `mkl` ಎಂದು ಬರುವುದು ಅದೇ. ಒಂದೇ ಸ್ಥಿರ ಚಿತ್ರಕ್ಕೆ ಅವು ಚೆನ್ನ. ಚಲಿಸುವ ಶಾಟಿನಲ್ಲಿ ಪ್ರತಿ ಫ್ರೇಮಿಗೂ ಹೊಸದಾಗಿ ಲೆಕ್ಕ ಹಾಕುತ್ತವೆ. ಕೈ ಮುಖದ ಮುಂದೆ ಹಾದರೆ, ತಲೆ ತಿರುಗಿ ಮಾಸ್ಕಿನೊಳಗೆ ಕೂದಲೋ ನೆರಳೋ ಸೇರಿದರೆ ಸರಾಸರಿ ಬದಲಾಗುತ್ತದೆ, ಮುಖ ಮಿನುಗುತ್ತದೆ. ಅದಕ್ಕೇ ಅದನ್ನು `none` ಮಾಡಿ, ಮುಖ ಕೂರಿಸಿದ ಚಿತ್ರವನ್ನೂ ಮಾಸ್ಕನ್ನೂ ಬೇರೆ ಬೇರೆಯಾಗಿ ಹೊರತೆಗೆದು, ಬಣ್ಣವನ್ನು ಡಾವಿಂಚಿ ರಿಸಾಲ್ವ್‌ನಲ್ಲಿ ಕೈಯಿಂದ ಹೊಂದಿಸುತ್ತೇನೆ. ಒಂದು ಶಾಟಿಗೆ ಒಂದೇ ತಿದ್ದುಪಡಿ ಇದ್ದರೆ ಮಿನುಗುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಇನ್ನು ಅಳತೆ. ಕೆನ್ನೆ ಮತ್ತು ಕುತ್ತಿಗೆ ಯಾರಿಗೂ ಒಂದೇ ಬಣ್ಣ ಇರುವುದಿಲ್ಲ. ಕೆನ್ನೆಯಲ್ಲಿ ರಕ್ತದ ಕೆಂಪು ಹೆಚ್ಚು, ಬೆಳಕೂ ಹೆಚ್ಚು ಬೀಳುತ್ತದೆ. ಆದ್ದರಿಂದ ಶೂಟಿಂಗ್ ದಿನವೇ ಪ್ರತಿ ಜಾಗದಲ್ಲೂ ಡೂಪ್ ನಿಂತಲ್ಲಿ ನಟನನ್ನು ಹತ್ತು ಸೆಕೆಂಡ್ ನಿಲ್ಲಿಸಿ ಒಂದು ಪರೀಕ್ಷಾ ಶಾಟ್ ತೆಗೆಸುತ್ತೇನೆ. ಅದರಲ್ಲಿ ಕೆನ್ನೆಯ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಕುತ್ತಿಗೆಯ ಅದೇ ಅಂಕಿಗಳಿಂದ ಭಾಗಿಸಿದರೆ ಆ ಬೆಳಕಿನ ಅನುಪಾತ ಸಿಗುತ್ತದೆ. ಹೊಳಪು ಇರುವ ಜಾಗ, ಗಡ್ಡದ ನೆರಳು ಬಿಟ್ಟು ಅಳೆಯಬೇಕು.

ಒಂದು ಉದಾಹರಣೆ ನೋಡಿ. ಬೀದರಿನ ಜಂಬಿಟ್ಟಿಗೆ ಗೋಡೆಯ ಪಕ್ಕದ ಮಿಡ್ ಶಾಟ್. ಪರೀಕ್ಷಾ ಶಾಟಿನಲ್ಲಿ ಅನುಪಾತ ಕೆಂಪಿಗೆ 1.08, ಹಸಿರಿಗೆ 1.04, ನೀಲಿಗೆ 1.02 ಬಂತು ಎನ್ನಿ. ಸ್ವ್ಯಾಪ್ ಆದ ಶಾಟಿನಲ್ಲಿ ಡೂಪ್‌ನ ಕುತ್ತಿಗೆ 150, 104, 82. ಅಂದರೆ ಕೆನ್ನೆ 162, 108, 84ರ ಹತ್ತಿರ ಇರಬೇಕು. ಆದರೆ ಕೂರಿಸಿದ ಮುಖದ ಕೆನ್ನೆ 158, 119, 98 ತೋರಿಸುತ್ತಿದೆ. ಇರಬೇಕಾದದ್ದನ್ನು ಇರುವುದರಿಂದ ಭಾಗಿಸಿದರೆ ಗೇನ್ ಕೆಂಪಿಗೆ 1.03, ಹಸಿರಿಗೆ 0.91, ನೀಲಿಗೆ 0.86. ಮುಖದ ಮಾಸ್ಕ್ ಇರುವ ನೋಡ್‌ನಲ್ಲಿ ಲಮ್ ಮಿಕ್ಸ್ ಸೊನ್ನೆ ಮಾಡಿ, ಗೇನ್ ಚಕ್ರದ ಕೆಳಗಿನ ಅಂಕಿಗಳನ್ನು ಇಷ್ಟಕ್ಕೆ ತಂದು, ಮಾಸ್ಕಿನ ಅಂಚನ್ನು ದವಡೆಯ ಕೆಳಗೆ ಮೃದು ಮಾಡಿದರೆ ಮುಕ್ಕಾಲು ಕೆಲಸ ಆಯಿತು. ಡೂಪ್‌ನ ಮೈಬಣ್ಣ ನಟನಿಗಿಂತ ತುಂಬ ಬೇರೆ ಇದ್ದರೆ ಮಾತ್ರ ಮೊದಲು ಕುತ್ತಿಗೆ, ಕಿವಿ, ಕೈಗಳನ್ನೇ ನಟನ ಪರೀಕ್ಷಾ ಶಾಟಿನ ಅಂಕಿಗೆ ತಂದು ಆಮೇಲೆ ಮುಖಕ್ಕೆ ಬರಬೇಕು.

ಉಳಿದ ಕಾಲು ಭಾಗ ಗೋಡೆಯದು. ಜಂಬಿಟ್ಟಿಗೆ ಕಲ್ಲಿಗೆ ಬಿಸಿಲು ಬಿದ್ದರೆ ಆ ಕೆಂಪು ಗೋಡೆ ಕಡೆಯ ಕೆನ್ನೆಗೂ ದವಡೆಯ ಅಡಿಗೂ ಹಾರುತ್ತದೆ. ಸ್ವ್ಯಾಪ್ ಮಾಡಿದ ಮುಖಕ್ಕೆ ಅದು ಎಷ್ಟೋ ಸಲ ಅರ್ಧಂಬರ್ಧ ಬಂದಿರುತ್ತದೆ, ಯಾಕೆಂದರೆ ತರಬೇತಿಗೆ ಕೊಟ್ಟ ಫೋಟೊಗಳಲ್ಲಿ ಅಂಥ ಬೆಳಕು ಇರಲಿಲ್ಲ. ಇದನ್ನು ಇಡೀ ಮುಖದ ಗೇನ್‌ನಿಂದ ಸರಿಪಡಿಸಲು ಹೋದರೆ ಆಕಾಶದ ಬೆಳಕು ಬೀಳುವ ಹಣೆಯೂ ಕೆಂಪಾಗುತ್ತದೆ. ದವಡೆಗೆ ಬೇರೆಯೇ ಒಂದು ವಿಂಡೋ ಹಾಕಿ, ಚೆನ್ನಾಗಿ ಫೆದರ್ ಮಾಡಿ, ಟ್ರ್ಯಾಕ್ ಮಾಡಿ, ನೆರಳಿನ ಭಾಗದಲ್ಲಷ್ಟೇ ಕೆಂಪು ಏರಿಸಿ. ಕಲಬುರಗಿ ಕಡೆ ಅಂಗಳಕ್ಕೆ ಶಹಾಬಾದ ಪರಸಿ ಹಾಸಿರುವ ಮನೆಗಳಲ್ಲಿ ಇದರ ಉಲ್ಟಾ: ಬೂದು ಕಲ್ಲು ಕೆಳಗಿನಿಂದ ತಣ್ಣನೆಯ ಬೆಳಕು ಎಸೆಯುತ್ತದೆ, ಗಲ್ಲದ ಅಡಿ ನೆರಳೇ ಇಲ್ಲದಷ್ಟು ತೆರೆದಿರುತ್ತದೆ. ಅಲ್ಲಿ ಬಣ್ಣಕ್ಕಿಂತ ನೆರಳಿನ ಮಟ್ಟ ಏರಿಸುವುದೇ ಮುಖ್ಯ.

ಶಾಟಿನ ನಡುವೆ ಮೋಡ ಬಂದರೆ ಮುಖವನ್ನು ಕಣ್ಣಂದಾಜಿನಲ್ಲಿ ಕೀಫ್ರೇಮ್ ಮಾಡಬೇಡಿ. ಮೋಡ ಬರುವ ಮುಂಚೆ, ಪೂರ್ತಿ ಕವಿದಾಗ, ಸರಿದ ಮೇಲೆ ಹೀಗೆ ಮೂರು ಕಡೆ ಕುತ್ತಿಗೆ ಅಳೆದು ಅಲ್ಲಿಗಷ್ಟೇ ಕೀಫ್ರೇಮ್ ಹಾಕಿದರೆ ಸಾಕು.

ಲುಕ್ ಹಾಕುವಾಗ ಚರ್ಮವನ್ನು ಕ್ವಾಲಿಫೈಯರ್‌ನಿಂದ ಆರಿಸುವ ಅಭ್ಯಾಸ ಈ ಶಾಟ್‌ಗಳಲ್ಲಿ ಬಿಡಬೇಕು. ಮುಖಕ್ಕೂ ಕುತ್ತಿಗೆಗೂ ಉಳಿದಿರುವ ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಕ್ವಾಲಿಫೈಯರ್ ಹಿಡಿದು, ಒಂದನ್ನು ಆರಿಸಿ ಇನ್ನೊಂದನ್ನು ಬಿಡುತ್ತದೆ. ಮಾಸಿಹೋಗಿದ್ದ ಗೆರೆ ಮತ್ತೆ ಏಳುತ್ತದೆ. ಗ್ರೇನ್ ಕೂಡ ಲುಕ್‌ನ ಕೆಳಗೇ, ಮುಖಕ್ಕೆ ಮಾತ್ರ ಸೇರಿಸಬೇಕು. ನುಣುಪಾದ ಮುಖದ ಮೇಲೆ ಕಾಂಟ್ರಾಸ್ಟ್ ಏರಿದಾಗ ಅದು ಅಂಟಿಸಿದಂತೆ ಕಾಣುತ್ತದೆ.

ಕಟ್ ಪರೀಕ್ಷಿಸಲು ಹಿಂದಿನ ಶಾಟಿನ ಕೊನೆಯ ಫ್ರೇಮ್, ಮುಂದಿನ ಶಾಟಿನ ಮೊದಲ ಫ್ರೇಮ್ ಎರಡನ್ನೂ ವೈಪ್‌ನಲ್ಲಿ ಪಕ್ಕಪಕ್ಕ ಇಟ್ಟು, ಸ್ಯಾಚುರೇಶನ್ ತಾತ್ಕಾಲಿಕವಾಗಿ ಎರಡು ಪಟ್ಟು ಮಾಡಿ ನೋಡುತ್ತೇನೆ. ಮುಖ, ಕುತ್ತಿಗೆ ಎರಡೂ ಒಟ್ಟಿಗೆ ಜಿಗಿದರೆ ಅದು ಶಾಟ್ ಮ್ಯಾಚಿಂಗ್‌ನ ದೋಷ, ಮೇಲಿನ ನೋಡ್‌ನಲ್ಲಿ ಸರಿಹೋಗುತ್ತದೆ. ಮುಖ ಮಾತ್ರ ಜಿಗಿದರೆ ಅನುಪಾತದ ಲೆಕ್ಕಕ್ಕೆ ಮರಳಬೇಕು.

ಇಷ್ಟಾದರೂ ಸ್ವ್ಯಾಪ್ ಮಾಡಿದ ಶಾಟ್‌ಗಳೆಲ್ಲ ಒಂದೇ ರೀತಿ ಸ್ವಲ್ಪ ಕಿತ್ತಳೆಯತ್ತ ವಾಲಿದ್ದರೆ ತಪ್ಪು ಗ್ರೇಡಿಂಗ್‌ನಲ್ಲಿಲ್ಲ, ಫೈಲ್ ಮಾಡುವಲ್ಲಿದೆ. ಪಿಎನ್‌ಜಿಯಿಂದ ವಿಡಿಯೋ ಕಟ್ಟುವಾಗ ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಹಳೆಯ 601 ಮ್ಯಾಟ್ರಿಕ್ಸ್ ಬಳಸಬಹುದು, ಎಡಿಟರ್ ಅದನ್ನು 709 ಎಂದು ಓದುತ್ತದೆ. ಆಗ 153, 107, 84 ಇದ್ದ ಚರ್ಮ ಸುಮಾರು 157, 110, 82 ಆಗುತ್ತದೆ. ಸ್ವ್ಯಾಪ್‌ಗೆ ಮುಂಚಿನ ಮತ್ತು ನಂತರದ ಶಾಟನ್ನು ಒಂದರ ಮೇಲೊಂದು ಇಟ್ಟು ಡಿಫರೆನ್ಸ್ ಮೋಡ್ ಹಾಕಿ: ಮುಖ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರಬೇಕು. ಗೋಡೆ, ಅಂಗಿ ಮಸುಕಾಗಿ ಕಂಡರೆ ಹೀಗೆ ಮತ್ತೆ ಕಟ್ಟಿ:

```
ffmpeg -framerate 25 -i f_%05d.png \
 -vf "scale=out_color_matrix=bt709:out_range=tv,format=yuv422p10le" \
 -c:v prores_ks -profile:v 3 -colorspace bt709 \
 -color_primaries bt709 -color_trc bt709 out.mov
```

ಫ್ರೇಮ್ ರೇಟ್ ನಿಮ್ಮ ಶೂಟಿಂಗ್‌ನದ್ದೇ ಇರಲಿ. ಡಿಫರೆನ್ಸ್ ಕಪ್ಪಾಗುವ ತನಕ ಮುಖದ ಗೇನ್ ಮುಟ್ಟಬೇಡಿ. ಮ್ಯಾಟ್ರಿಕ್ಸ್‌ನ ತಪ್ಪನ್ನು ಗೇನ್‌ನಿಂದ ಮುಚ್ಚಿದರೆ ಸ್ವ್ಯಾಪ್ ಇಲ್ಲದ ಶಾಟಿಗೆ ಕಟ್ ಆಗುವ ಪ್ರತಿ ಕಡೆಯೂ ಹಿನ್ನೆಲೆ ಬೇರೆಯಾಗಿಯೇ ಉಳಿಯುತ್ತದೆ.